ದರ ಏರಿಸಿದರೆ ರಿಸ್ಕ್ ಅಳೆದಂತಾಯಿತೇ?

ಗುಣೋತ್ತರ ಶ್ರೇಢಿಯ ಪಾಠಕ್ಕೆ ಉದಾಹರಣೆ ಬೇಕಾದಾಗ ನಾವು ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಚಕ್ರಬಡ್ಡಿಯ ಮೊರೆ ಹೋಗುತ್ತೇವೆ. ಇಂದು ಇಟ್ಟ ಹಣ ಮುಂದೆ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿಸುತ್ತೇವೆ. ಸ್ವಲ್ಪ ಉತ್ಸಾಹವಿದ್ದರೆ ಅದನ್ನೇ ತಿರುಗಿಸಿ, ಮುಂದೆ ಬರುವ ಹಣಕ್ಕೆ ಇಂದಿನ ಮೌಲ್ಯ ಎಷ್ಟು ಎಂದೂ ಕೇಳುತ್ತೇವೆ. ಬಡ್ಡಿ ದರ ಶೇ 7 ಆದರೆ ಮುಂದಿನ ವರ್ಷ ಬರುವ 107 ರೂಪಾಯಿಗೆ ಇಂದಿನ ಮೌಲ್ಯ 100 ರೂಪಾಯಿ. ಇಲ್ಲಿಯವರೆಗೆ ತೊಡಕಿಲ್ಲ. ತೊಡಕು ಶುರುವಾಗುವುದು ತರಗತಿಯಲ್ಲಿ ಯಾರಾದರೂ ಒಬ್ಬರು ಎದ್ದು, "ಆ ಹಣ ಬರುತ್ತದೋ ಇಲ್ಲವೋ ಗೊತ್ತಿಲ್ಲದಿದ್ದರೆ?" ಎಂದು ಕೇಳಿದಾಗ.

ಈ ಪ್ರಶ್ನೆಗೆ ವಾಣಿಜ್ಯ ಪಠ್ಯಗಳಲ್ಲಿ ಎರಡು ಉತ್ತರಗಳಿವೆ. ಒಂದು, ಹಣ ಬರುವುದು ಅನುಮಾನವಾದರೆ ದರವನ್ನೇ ಏರಿಸು. ಶೇ 7ರ ಬದಲು ಶೇ 12ರಲ್ಲೋ 15ರಲ್ಲೋ ಭಾಗಿಸು. ದರ ಏರಿದಷ್ಟೂ ಇಂದಿನ ಮೌಲ್ಯ ಇಳಿಯುವುದರಿಂದ ರಿಸ್ಕ್‌ಗೆ ತಕ್ಕ ದಂಡ ಬಿದ್ದಂತಾಯಿತು ಎಂಬುದು ಅದರ ವಾದ. ಇನ್ನೊಂದು, ದರವನ್ನು ಮುಟ್ಟಬೇಡ, ಹಣವನ್ನೇ ತಿದ್ದು. ಅನುಮಾನದ ಈ ಮೊತ್ತದ ಬದಲಿಗೆ ಖಾತರಿಯಾಗಿ ಎಷ್ಟು ಕೊಟ್ಟರೆ ಒಪ್ಪುತ್ತೀಯ ಎಂದು ಕೇಳಿ, ಆ ಖಚಿತ ಮೊತ್ತವನ್ನು ಭದ್ರ ಠೇವಣಿಯ ದರದಲ್ಲಿಯೇ ಇಂದಿಗೆ ತಾ. ಇದನ್ನು ಸರ್ಟೈನ್ಟಿ ಈಕ್ವಿವಲೆಂಟ್ ಅಥವಾ ಖಚಿತ ಸಮಾನ ಮೊತ್ತದ ವಿಧಾನ ಎನ್ನುತ್ತಾರೆ.

ಬಳಕೆಯಲ್ಲಿ ಗೆದ್ದಿರುವುದು ಮೊದಲನೆಯದು. ಅದರಲ್ಲಿ ಒಂದೇ ಅಂಕಿ ಬದಲಾಯಿಸಿದರೆ ಸಾಕು. ಎರಡನೆಯದನ್ನು ಪಠ್ಯಗಳು ಅರ್ಧ ಪುಟದಲ್ಲಿ ಮುಗಿಸಿ, ವ್ಯವಹಾರಕ್ಕೆ ಕಷ್ಟ ಎಂದು ಕೈಬಿಡುವುದೇ ಹೆಚ್ಚು. ಕಲಿಸುವ ಕ್ರಮ ತಲೆಕೆಳಗಾಗಬೇಕು ಎಂಬುದು ನನ್ನ ಅಭಿಪ್ರಾಯ. ಖಚಿತ ಸಮಾನ ಮೊತ್ತವನ್ನು ಮೊದಲು ಕಲಿಸಬೇಕು, ದರ ಏರಿಸುವುದನ್ನು ಅದರ ಒಂದು ವಿಶೇಷ ಸಂದರ್ಭವಾಗಿ ಆಮೇಲೆ ತರಬೇಕು. ಏಕೆಂದರೆ ದರ ಏರಿಸಿದಾಗ ರಿಸ್ಕ್ ಬಗ್ಗೆ ನಾವು ಒಂದು ದೊಡ್ಡ ಹೇಳಿಕೆಯನ್ನೇ ಮಾಡಿರುತ್ತೇವೆ, ಆದರೆ ಆ ಹೇಳಿಕೆ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಕಣ್ಣಿಗೆ ಕಾಣುವಂತೆ ಮಾಡುವುದು ಗಣಿತ ಶಿಕ್ಷಕರ ಕೆಲಸ.

ಒಂದು ಉದಾಹರಣೆಯನ್ನು ಕೊನೆಯವರೆಗೆ ನೋಡೋಣ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಮಕ್ಕಳಿಗೆ ಬೋರ್‌ವೆಲ್ ಕೊರೆಸುವುದು ಎಂದರೇನು ಎಂದು ವಿವರಿಸಬೇಕಿಲ್ಲ. ಸಾವಿರ ಅಡಿ ದಾಟಿದರೂ ನೀರು ಬರಬಹುದು, ಬರದೆ ಬರೀ ದೂಳು ಹಾರಬಹುದು. ರೈತ ಮಹಿಳೆಯೊಬ್ಬರ ಮುಂದೆ ಇಂಥದೊಂದು ಮಾತುಕತೆ ಬಂದಿದೆ ಎಂದುಕೊಳ್ಳಿ. ಅಂಕಿಗಳು ಲೆಕ್ಕಕ್ಕಾಗಿ ನಾನು ಇಟ್ಟುಕೊಂಡವು. ಕೊರೆಸಿ ಕೇಸಿಂಗ್ ಇಳಿಸಲು ಇಂದು 2.30 ಲಕ್ಷ ರೂಪಾಯಿ ಬೇಕು. ನೀರು ಸಿಕ್ಕಿದರೆ ಪಕ್ಕದ ತರಕಾರಿ ಬೆಳೆಗಾರ ಆ ಜಮೀನನ್ನು ಗುತ್ತಿಗೆಗೆ ಹಿಡಿದು, ಮೋಟಾರನ್ನೂ ತಾನೇ ಹಾಕಿಸಿಕೊಂಡು, ಪ್ರತಿ ವರ್ಷದ ಕೊನೆಗೆ 1 ಲಕ್ಷದಂತೆ 8 ವರ್ಷ ಕೊಡುತ್ತಾನೆ. ನೀರು ಸಿಗದಿದ್ದರೆ ಏನೂ ಇಲ್ಲ. ನೀರು ಸಿಗುವ ಸಂಭವನೀಯತೆ ಅರ್ಧಕ್ಕರ್ಧ. ಭದ್ರ ಠೇವಣಿಯ ದರ ಶೇ 7.

ಮೊದಲ ಹೆಜ್ಜೆ ಎರಡೂ ವಿಧಾನಗಳಿಗೆ ಸಮಾನ: ಪ್ರತಿ ವರ್ಷದ ನಿರೀಕ್ಷಿತ ಮೌಲ್ಯ. ಅರ್ಧ ಸಂಭವನೀಯತೆಯಲ್ಲಿ 1 ಲಕ್ಷ, ಅಂದರೆ 50,000 ರೂಪಾಯಿ. ಇಲ್ಲೇ ಒಂದು ಎಚ್ಚರಿಕೆ ಬೇಕು. ನೀರು ಬರದೆಯೂ ಹೋಗಬಹುದು ಎಂಬ ಸಂಭವನೀಯತೆ ಬೇರೆ, ಆ ಅನಿಶ್ಚಿತತೆಯನ್ನು ಸಹಿಸಲು ಮನಸ್ಸಿಲ್ಲ ಎಂಬುದು ಬೇರೆ. ಮೊದಲನೆಯದು ನಿರೀಕ್ಷಿತ ಮೌಲ್ಯದಲ್ಲಿ ಸೇರಬೇಕು. ಹಲವರು "ಎಲ್ಲ ಸರಿಹೋದರೆ" ಬರುವ 1 ಲಕ್ಷವನ್ನೇ ಬರೆದುಕೊಂಡು, ನೀರು ಸಿಗದ ಭಯಕ್ಕೆ ದರವನ್ನು ಶೇ 15ಕ್ಕೆ ಏರಿಸಿ ಸಮಾಧಾನಪಡುತ್ತಾರೆ. ಹಾಗೆ ಮಾಡಿದರೆ ಇಂದಿನ ಮೌಲ್ಯ 4.49 ಲಕ್ಷ ಬರುತ್ತದೆ. ಅದೇ ದರದಲ್ಲಿ ನಿರೀಕ್ಷಿತ ಮೌಲ್ಯ ಹಿಡಿದರೆ ಬರುವುದು ಅದರ ಅರ್ಧ. ಎಂಟು ಅಂಶ ದರ ಏರಿಸಿದ್ದು ಅರ್ಧಕ್ಕರ್ಧ ಸೋಲಿನ ಸಂಭವಕ್ಕೆ ಎಲ್ಲಿಯೂ ಸಾಟಿಯಾಗಲಿಲ್ಲ.

ಈಗ ಖಚಿತ ಸಮಾನ ಮೊತ್ತ. ಆ ಮಹಿಳೆಯನ್ನು ಹೀಗೆ ಕೇಳುತ್ತೇವೆ: "ಅಕ್ಕಾ, ನೀರು ಸಿಕ್ಕರೆ ಆ ವರ್ಷಕ್ಕೆ ಲಕ್ಷ, ಇಲ್ಲದಿದ್ದರೆ ಸೊನ್ನೆ. ಅದರ ಬದಲು ಯಾರಾದರೂ ಖಾತರಿಯಾಗಿ 45,000 ಕೊಡುತ್ತೇನೆ ಅಂದರೆ ತಗೋತೀರಾ?" ತಗೋತೀನಿ ಅಂದರೆ 42,000ಕ್ಕೆ ಇಳಿಸಿ ಕೇಳಬೇಕು, ಆಮೇಲೆ 40,000, 38,000. ಎಲ್ಲಿ "ಎರಡೂ ಒಂದೇ" ಎನ್ನುತ್ತಾರೋ ಅದೇ ಅವರ ಖಚಿತ ಸಮಾನ ಮೊತ್ತ. ಅದು 40,000 ಆಗಿದ್ದರೆ, ನಿರೀಕ್ಷಿತ 50,000ಕ್ಕೆ ಅದರ ಅನುಪಾತ 0.8. ಈ 0.8ನ್ನು ಗುಣಾಂಕ ಎನ್ನೋಣ. ರಿಸ್ಕ್ ಇಲ್ಲದ ಹಣಕ್ಕೆ ಗುಣಾಂಕ 1. ಭಯ ಹೆಚ್ಚಿದಷ್ಟೂ ಅದು 1ರಿಂದ ಕೆಳಗಿಳಿಯುತ್ತದೆ.

ಎಂಟನೆಯ ವರ್ಷದ ಹಣಕ್ಕೆ ಗುಣಾಂಕ ಎಷ್ಟು? ಉದಾಹರಣೆಯ ತಿರುಳು ಇಲ್ಲಿದೆ. ನೀರು ಸಿಗುತ್ತದೋ ಇಲ್ಲವೋ ಎಂಬುದು ರಿಗ್ ಲಾರಿ ಬಂದ ದಿನವೇ ತೀರ್ಮಾನವಾಗುತ್ತದೆ. ಒಂದೇ ನಾಣ್ಯ, ಒಂದೇ ಸಲ ಚಿಮ್ಮುವುದು. ಮೊದಲ ವರ್ಷದ ಗುತ್ತಿಗೆ ಬಂದರೆ ಎಂಟನೆಯ ವರ್ಷದ್ದೂ ಬರುತ್ತದೆ, ಮೊದಲನೆಯದು ಬರದಿದ್ದರೆ ಎಂಟನೆಯದೂ ಇಲ್ಲ. ಆದ್ದರಿಂದ ಎಂಟೂ ವರ್ಷಕ್ಕೆ ಗುಣಾಂಕ ಅದೇ 0.8. ವರ್ಷಕ್ಕೆ 40,000ದಂತೆ 8 ವರ್ಷದ ಖಚಿತ ಹಣವನ್ನು ಶೇ 7ರಲ್ಲಿ ಇಂದಿಗೆ ತಂದರೆ 2.39 ಲಕ್ಷ. ಖರ್ಚು 2.30 ಲಕ್ಷ. ಕೊರೆಸಬಹುದು.

ದರ ಏರಿಸುವ ವಿಧಾನದಲ್ಲಿ ಶೇ 7ಕ್ಕೆ ರಿಸ್ಕ್‌ನ ಎಂಟು ಅಂಶ ಸೇರಿಸಿ ಶೇ 15 ಇಟ್ಟುಕೊಂಡರೆ, ನಿರೀಕ್ಷಿತ 50,000ದ ಎಂಟು ಕಂತುಗಳಿಗೆ ಇಂದಿನ ಮೌಲ್ಯ 2.24 ಲಕ್ಷ. ಖರ್ಚಿಗಿಂತ ಕಡಿಮೆ, ಕೊರೆಸಬಾರದು. ಎರಡು ವಿಧಾನ, ಎರಡು ತೀರ್ಪು. ವ್ಯತ್ಯಾಸ 15,000 ಅಷ್ಟೇ ತಾನೇ, ದರವನ್ನು ಒಂದೆರಡು ಅಂಶ ಇಳಿಸಿದರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಬಹುದು. ಆದರೆ ಇಲ್ಲಿನ ಸಮಸ್ಯೆ ಒಟ್ಟು ಮೊತ್ತದಲ್ಲಿಲ್ಲ, ಒಳಗಿದೆ. ಅದನ್ನು ನೋಡಲು ಶೇ 15ರ ಲೆಕ್ಕವನ್ನು ಬಿಚ್ಚಬೇಕು.

ಯಾವುದೇ ವರ್ಷದ ಹಣವನ್ನು ಶೇ 15ರಲ್ಲಿ ಭಾಗಿಸುವುದೂ ಒಂದೇ, ಅದಕ್ಕೆ ಒಂದು ಗುಣಾಂಕ ಹಚ್ಚಿ ಶೇ 7ರಲ್ಲಿ ಭಾಗಿಸುವುದೂ ಒಂದೇ. ಆ ಗುಣಾಂಕವನ್ನು ಈ ಸೂತ್ರ ಕೊಡುತ್ತದೆ:

α_t = (1.07 / 1.15)^t

ಇದು ಗುಣೋತ್ತರ ಶ್ರೇಢಿ. ಸಾಮಾನ್ಯ ಅನುಪಾತ ಸುಮಾರು 0.93. ಅಂದರೆ ಶೇ 15 ಎಂದು ಬರೆದವರು, ತಮಗೆ ಗೊತ್ತಿಲ್ಲದೆಯೇ, ಪ್ರತಿ ವರ್ಷದ ಗುಣಾಂಕವನ್ನೂ ಬರೆದುಬಿಟ್ಟಿದ್ದಾರೆ. ಬೋರ್‌ವೆಲ್‌ನ 50,000ಕ್ಕೆ ಅದನ್ನು ಹಚ್ಚಿದರೆ ಹೀಗೆ ಕಾಣುತ್ತದೆ.

| ವರ್ಷ | ಶೇ 15ರೊಳಗೆ ಅಡಗಿದ ಗುಣಾಂಕ | 50,000ದ ಖಚಿತ ಸಮಾನ ಮೊತ್ತ (ರೂ.) |
|---|---|---|
| 1 | 0.930 | 46,500 |
| 2 | 0.866 | 43,300 |
| 3 | 0.805 | 40,300 |
| 5 | 0.697 | 34,900 |
| 8 | 0.562 | 28,100 |

ಈ ಪಟ್ಟಿಯನ್ನು ಆ ಮಹಿಳೆಯ ಮುಂದೆ ಓದಿ ನೋಡಿ. ಅದೇ ನಾಣ್ಯ ಚಿಮ್ಮಿ ಬರುವ ಮೊದಲ ವರ್ಷದ ಲಕ್ಷಕ್ಕೆ ಬದಲಾಗಿ ನೀವು 46,500 ಕೇಳುತ್ತೀರಿ, ಎಂಟನೆಯ ವರ್ಷದ ಲಕ್ಷಕ್ಕೆ 28,100 ಸಾಕು ಎನ್ನುತ್ತೀರಿ ಎಂದರೆ ಅವರು ನಮ್ಮ ಮುಖ ನೋಡುತ್ತಾರೆ. ಕಾಯುವುದಕ್ಕೆ ತಕ್ಕ ಕಡಿತವನ್ನು ಶೇ 7 ಆಗಲೇ ಮಾಡಿದೆ. ಈ ಪಟ್ಟಿಯಲ್ಲಿರುವುದು ಬರೀ ಭಯದ ಕಡಿತ. ಭಯವೋ ಎಲ್ಲ ವರ್ಷಗಳಿಗೂ ಒಂದೇ, ಏಕೆಂದರೆ ನಾಣ್ಯ ಒಂದೇ. ಮೂರನೆಯ ವರ್ಷದಲ್ಲಿ ಮಾತ್ರ ಪಟ್ಟಿ ಅವರ 0.8ಕ್ಕೆ ಹತ್ತಿರ ಬರುತ್ತದೆ. ಅದಕ್ಕಿಂತ ಮೊದಲು ಶೇ 15 ಅವರಿಗಿಂತ ಧೈರ್ಯಶಾಲಿ, ಆಮೇಲೆ ಅವರಿಗಿಂತ ಪುಕ್ಕಲು.

ಹಾಗಾದರೆ ಸರಿಯಾದ ಏರಿಕೆ ದರ ಹುಡುಕಿದರಾಯಿತಲ್ಲವೇ? ಹುಡುಕೋಣ. ಎಂಟು ವರ್ಷದ ಗುತ್ತಿಗೆಯಲ್ಲಿ 2.39 ಲಕ್ಷವೇ ಬರಬೇಕಾದರೆ ದರ ಸುಮಾರು ಶೇ 13.1 ಇರಬೇಕು. ಗುತ್ತಿಗೆ ಮೂರೇ ವರ್ಷದ್ದಾದರೆ, ಅದೇ 0.8 ಗುಣಾಂಕಕ್ಕೆ ಹೊಂದುವ ದರ ಸುಮಾರು ಶೇ 20.2. ಒಂದೇ ವರ್ಷದ್ದಾದರೆ ಶೇ 33.75. ಜಮೀನು ಅದೇ, ಬೋರ್‌ವೆಲ್ ಅದೇ, ಮನಸ್ಸಿನ ಭಯ ಅದೇ. ಬದಲಾದದ್ದು ಗುತ್ತಿಗೆಯ ಅವಧಿ ಮಾತ್ರ. ಅಷ್ಟಕ್ಕೇ "ರಿಸ್ಕ್‌ಗೆ ತಕ್ಕ ದರ" ಶೇ 33.75ರಿಂದ 13.1ಕ್ಕೆ ಇಳಿಯಿತು. ಇಂಥ ಕೆಲಸಕ್ಕೆ ಇಷ್ಟು ಅಂಶ ಏರಿಸಬೇಕು ಎಂಬ ಸ್ಥಿರ ಸಂಖ್ಯೆಯೇ ಇಲ್ಲಿ ಇಲ್ಲ. ಎಲ್ಲಕ್ಕೂ ಶೇ 15 ಎಂದು ಕಚೇರಿಯ ಗೋಡೆಗೆ ಅಂಟಿಸಿಕೊಂಡವರು ಅಲ್ಪಾವಧಿಯ ಗುತ್ತಿಗೆಗೆ ಹೆಚ್ಚು ಬೆಲೆ ಕಟ್ಟುತ್ತಾರೆ, ದೀರ್ಘಾವಧಿಯದಕ್ಕೆ ಕಡಿಮೆ ಕಟ್ಟುತ್ತಾರೆ. ಮೂರು ವರ್ಷದ ಗುತ್ತಿಗೆಗೆ ಶೇ 15 ಹೇಳುವ ಬೆಲೆ 1.14 ಲಕ್ಷ, ಖಚಿತ ಸಮಾನ ಮೊತ್ತ ಹೇಳುವುದು 1.05 ಲಕ್ಷ. ಎಂಟು ವರ್ಷದ ಗುತ್ತಿಗೆಯಲ್ಲಿ ಆದದ್ದಕ್ಕೆ ಇದು ನೇರ ವಿರುದ್ಧ.

ಈ ವಾದ ನನ್ನದಲ್ಲ. ಅಲೆಕ್ಸಾಂಡರ್ ರೊಬಿಚೆಕ್ ಮತ್ತು ಸ್ಟೂವರ್ಟ್ ಮೈಯರ್ಸ್ 1966ರಲ್ಲೇ ಅಮೆರಿಕದ ಜರ್ನಲ್ ಆಫ್ ಫೈನಾನ್ಸ್‌ನಲ್ಲಿ ಇದನ್ನು ಎತ್ತಿದ್ದರು. ಒಂದೇ ದರವನ್ನು ಎಲ್ಲ ವರ್ಷಕ್ಕೂ ಹಚ್ಚುವುದೆಂದರೆ, ಕಾಲ ಸರಿದಂತೆ ರಿಸ್ಕ್ ಒಂದು ನಿಗದಿತ ಲಯದಲ್ಲಿ ಬೆಳೆಯುತ್ತದೆ ಎಂದು ಒಪ್ಪಿಕೊಂಡಂತೆ ಎಂಬುದು ಅದರ ಸಾರ. ಕಾಲ ಮತ್ತು ಭಯ ಎರಡು ಬೇರೆ ಸಂಗತಿಗಳು. ದರ ಏರಿಸಿದಾಗ ಅವೆರಡನ್ನೂ ಒಂದೇ ಅಂಕಿಯಲ್ಲಿ ಹೆಣೆದುಬಿಡುತ್ತೇವೆ, ಆಮೇಲೆ ಬಿಡಿಸಲಾಗುವುದಿಲ್ಲ.

ಬೋರ್‌ವೆಲ್ ಬಲ್ಲವರು ಈಗ ತಡೆದು ಕೇಳಬೇಕು: ನೀರು ಸಿಕ್ಕ ಮೇಲೆ ಬತ್ತುವುದಿಲ್ಲವೇ? ಬತ್ತುತ್ತದೆ. ಆ ಪ್ರಶ್ನೆ ನನ್ನ ವಾದವನ್ನು ಕೆಡಿಸುವುದಿಲ್ಲ, ಗಟ್ಟಿಗೊಳಿಸುತ್ತದೆ. ನೀರು ಸಿಗುವ ರಿಸ್ಕ್ ಒಂದು ದಿನದ್ದು. ಬತ್ತುವ ರಿಸ್ಕ್ ವರ್ಷದಿಂದ ವರ್ಷಕ್ಕೆ ಕೂಡುತ್ತಾ ಹೋಗುವಂಥದ್ದು. ಎರಡನೆಯ ವರ್ಷದಿಂದ ಪ್ರತಿ ವರ್ಷ ಹತ್ತರಲ್ಲಿ ಒಂದು ಪಾಲು ಬತ್ತುವ ಸಂಭವವಿದೆ ಎಂದಿಟ್ಟುಕೊಂಡರೆ, ಎಂಟನೆಯ ವರ್ಷದ ಹೊತ್ತಿಗೆ ನೀರು ಉಳಿದಿರುವ ಸಂಭವನೀಯತೆ 0.9ರ ಏಳನೆಯ ಘಾತ, ಸುಮಾರು 0.478. ಆಗ ಆ ವರ್ಷದ ನಿರೀಕ್ಷಿತ ಮೌಲ್ಯ 50,000ದಿಂದ ಸುಮಾರು 23,900ಕ್ಕೆ ಇಳಿಯುತ್ತದೆ. ಇದು ಹಣದ ಅಂದಾಜಿನ ತಿದ್ದುಪಡಿ, ಭಯದ್ದಲ್ಲ. ಅದರ ಮೇಲೆ, ಅನಿಶ್ಚಿತತೆ ಹೆಚ್ಚಿದ್ದಕ್ಕೆ ಗುಣಾಂಕವೂ ಮೊದಲ ವರ್ಷದ 0.8ರಿಂದ ಮೆಲ್ಲನೆ ಇಳಿದು ಎಂಟನೆಯ ವರ್ಷಕ್ಕೆ 0.65ರ ಆಸುಪಾಸಿಗೆ ಬರಬಹುದು, ಆ ಮಹಿಳೆ ಹೇಳಿದಂತೆ.

ಹೀಗೆ 0.8ರಿಂದ ಶುರುವಾಗಿ ಮೆಲ್ಲನೆ ಇಳಿಯುವ ಗುಣಾಂಕಗಳನ್ನು ಯಾವ ಏರಿಕೆ ದರದಿಂದಲೂ ತರಲಾಗದು. ಕಾರಣ ಶುದ್ಧ ಗಣಿತದ್ದು. ದರದೊಳಗೆ ಅಡಗಿದ ಶ್ರೇಢಿ ಇಂದಿನ ದಿನಕ್ಕೆ 1 ಎಂದು ಹೊರಡಲೇಬೇಕು, ಆಮೇಲೆ ಒಂದೇ ಅನುಪಾತದಲ್ಲಿ ಇಳಿಯಲೇಬೇಕು. ಮೊದಲ ವರ್ಷಕ್ಕೇ 0.8 ಬರಬೇಕೆಂದು ದರವನ್ನು ಜಗ್ಗಿದರೆ ಎರಡನೆಯದು 0.64, ಮೂರನೆಯದು 0.51, ಎಂಟನೆಯ ಹೊತ್ತಿಗೆ 0.17. ರಿಸ್ಕ್ ಮೊದಲ ದಿನವೇ ದೊಡ್ಡದಾಗಿದ್ದು ಆಮೇಲೆ ಹಗುರಾಗುವ ಎಲ್ಲ ಕೆಲಸಗಳ ಕಥೆಯೂ ಇದೇ.

ಇನ್ನೂ ಕೆಟ್ಟ ಪರಿಣಾಮ ಕಾಣುವುದು ಹಣ ಬರುವ ಕಡೆ ಅಲ್ಲ, ಹೋಗುವ ಕಡೆ. ಒಂದು ಕಲ್ಲಿನ ಕ್ವಾರಿ ಹತ್ತು ವರ್ಷದ ನಂತರ ಗುಂಡಿ ಮುಚ್ಚಿ ನೆಲ ಸರಿಪಡಿಸಬೇಕು ಎಂದಿಟ್ಟುಕೊಳ್ಳಿ. ನಿರೀಕ್ಷಿತ ಖರ್ಚು 10 ಲಕ್ಷ, ಆದರೆ ಅದು ಎಷ್ಟಕ್ಕೆ ಏರುತ್ತದೋ ಯಾರಿಗೂ ಖಾತರಿಯಿಲ್ಲ. ಶೇ 7ರಲ್ಲಿ ಇಂದಿಗೆ ತಂದರೆ 5.08 ಲಕ್ಷ. ರಿಸ್ಕ್ ಇದೆ, ದರ ಏರಿಸು ಎಂಬ ಸೂತ್ರವನ್ನು ಕಣ್ಣುಮುಚ್ಚಿ ಹಚ್ಚಿ ಶೇ 15ರಲ್ಲಿ ಭಾಗಿಸಿದರೆ 2.47 ಲಕ್ಷ. ಖರ್ಚು ಅನಿಶ್ಚಿತವಾಗಿದ್ದಕ್ಕೇ ಅದು ಅರ್ಧಕ್ಕಿಂತ ಕಡಿಮೆಯಾಯಿತು! ಅನುಮಾನದ ಸಾಲ ಖಾತರಿಯ ಸಾಲಕ್ಕಿಂತ ಹಗುರ ಎಂದು ಲೆಕ್ಕ ಹೇಳುತ್ತಿದೆ.

ಖಚಿತ ಸಮಾನ ಮೊತ್ತದ ಪ್ರಶ್ನೆ ಇಲ್ಲಿ ತಾನಾಗಿ ಸರಿದಾರಿಗೆ ಬರುತ್ತದೆ. ಈ ತಲೆನೋವನ್ನು ಬೇರೊಬ್ಬರು ಪೂರ್ತಿ ವಹಿಸಿಕೊಳ್ಳುತ್ತಾರೆ ಎಂದರೆ ಆ ವರ್ಷ ಅವರಿಗೆ ಖಾತರಿಯಾಗಿ ಎಷ್ಟು ಕೊಡಲು ಸಿದ್ಧ? ಭಯ ಇರುವವರು 10ಕ್ಕಿಂತ ಹೆಚ್ಚೇ ಹೇಳುತ್ತಾರೆ. 12 ಲಕ್ಷ ಎಂದರೆ ಗುಣಾಂಕ 1.2, ಇಂದಿನ ಮೌಲ್ಯ 6.10 ಲಕ್ಷ. ಇದೇ ಉತ್ತರವನ್ನು ದರದ ಮೂಲಕ ತರಬೇಕಾದರೆ ದರವನ್ನು ಏರಿಸುವುದಲ್ಲ, ಸುಮಾರು ಶೇ 5.1ಕ್ಕೆ ಇಳಿಸಬೇಕು. ರಿಸ್ಕ್ ಹೆಚ್ಚಾದರೆ ದರ ಇಳಿಸು ಎಂದು ಸೂತ್ರ ಬಾಯಿಪಾಠ ಮಾಡಿದವರಿಗೆ ಹೇಳಿದರೆ ನಂಬುವುದಿಲ್ಲ. ಪ್ರಶ್ನೆಯಿಂದ ಶುರುಮಾಡಿದವರಿಗೆ ಅದು ಸಹಜವಾಗಿ ಕಾಣುತ್ತದೆ.

ಇದು ಹಾಳೆಯ ಮೇಲಿನ ಕಸರತ್ತಲ್ಲ ಎಂಬುದನ್ನು ಕೋಲಾರದ ಮಕ್ಕಳಿಗೆ ಬೇರೆ ಹೇಳಬೇಕಿಲ್ಲ. ಕೆಜಿಎಫ್‌ನ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಅದಿರು ಅರೆದು ಸಯನೈಡ್ ಹಾಕಿ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಗುಡ್ಡಗಳು ಊರಿನ ಪಕ್ಕದಲ್ಲಿ ಉಳಿದುಕೊಂಡವು. ಗಣಿ ಇರುವಷ್ಟು ಕಾಲ ಆದಾಯ, ಮುಚ್ಚಿದ ಮೇಲೆ ಖರ್ಚು ಎಂಬುದು ಗಣಿ ಕೆಲಸದ ಸ್ವಭಾವ. ಕೊನೆಯ ಆ ಖರ್ಚು ದೂರದ್ದೂ ಹೌದು, ಅನಿಶ್ಚಿತವೂ ಹೌದು. ಏರಿಸಿದ ದರಕ್ಕೆ ಅತಿ ಸುಲಭವಾಗಿ ಕರಗಿಹೋಗುವುದು ಇಂಥ ಖರ್ಚೇ.

ದರ ಏರಿಸುವವರ ಪರವಾಗಿಯೂ ಹೇಳಬೇಕಾದ ಮಾತಿದೆ. ಅವರ ಮುಖ್ಯ ಆಕ್ಷೇಪ, 0.8 ಎಂಬುದು ಎಲ್ಲಿಂದ ಬಂತು ಎಂಬುದು. ಶೇ 15ನ್ನಾದರೂ ಮಾರುಕಟ್ಟೆ ತೋರಿಸುತ್ತದೆ. ಇದೇ ಬಗೆಯ ಕೆಲಸಕ್ಕೆ ಷೇರುದಾರರು, ಸಾಲ ಕೊಡುವವರು ಎಷ್ಟು ಕೇಳುತ್ತಾರೆ ಎಂದು ನೋಡಿ ತೆಗೆಯಬಹುದು. ಗುಣಾಂಕವೋ ಒಬ್ಬರ ಮನಸ್ಸಿನ ಮಾತು. ಈ ಆಕ್ಷೇಪದಲ್ಲಿ ತೂಕವಿದೆ. ಒಂದು ಸ್ಥಾಪಿತ ಹೋಟೆಲು ಅದೇ ಊರಲ್ಲಿ ಇನ್ನೊಂದು ಶಾಖೆ ತೆರೆಯುವಾಗ, ಪ್ರತಿ ವರ್ಷವೂ ಹಿಂದಿನ ವರ್ಷದಷ್ಟೇ ಹೊಸ ಅನಿಶ್ಚಿತತೆ ಸೇರುತ್ತಾ ಹೋಗುತ್ತದೆ. ಅಲ್ಲಿ ಗುಣಾಂಕಗಳು ಗುಣೋತ್ತರ ಶ್ರೇಢಿಯಲ್ಲಿ ಇಳಿಯುವುದು ಒಪ್ಪತಕ್ಕದ್ದೇ. ಆಗ ಎರಡು ವಿಧಾನಗಳೂ ಒಂದೇ ಉತ್ತರ ಕೊಡುತ್ತವೆ, ದರದ ವಿಧಾನ ಬೇಗ ಮುಗಿಯುತ್ತದೆ. ಅದನ್ನು ಬಳಸಲಿ.

ಆದರೆ ಬೋರ್‌ವೆಲ್‌ನಲ್ಲಿ ಮಾರುಕಟ್ಟೆಯ ದರ ಯಾರ ದರ ಎಂದು ಕೇಳಬೇಕು. ನೂರಾರು ಕಡೆ ಕೊರೆಸುವ ದೊಡ್ಡ ಹೂಡಿಕೆದಾರನಿಗೆ ಒಂದು ಕೊಳವೆಯ ಸೋಲು ಇನ್ನೊಂದರ ಗೆಲುವಿನಲ್ಲಿ ಸರಿಹೋಗುತ್ತದೆ. ಎಲ್ಲ ಕಡೆಗೂ ಒಟ್ಟಿಗೆ ತಟ್ಟುವ ಬರಗಾಲವೊಂದನ್ನು ಬಿಟ್ಟರೆ ಅವನಿಗೆ ಗುಣಾಂಕ 1ರ ಹತ್ತಿರವೇ. 1 ಎಂದೇ ಇಟ್ಟರೆ ಈ ಬೋರ್‌ವೆಲ್ ಅವನಿಗೆ 2.99 ಲಕ್ಷದ್ದು. ಇರುವುದೊಂದೇ ಜಮೀನು, ಉಳಿತಾಯವನ್ನೆಲ್ಲ ಅದರಲ್ಲೇ ಹಾಕುವ ಮಹಿಳೆಗೆ ಅದು 2.39 ಲಕ್ಷ, ಇನ್ನೂ ಕಷ್ಟದಲ್ಲಿರುವವರಿಗೆ ಇನ್ನೂ ಕಡಿಮೆ. ಇಬ್ಬರೂ ಸರಿಯೇ. 0.8 ಮನಸ್ಸಿನ ಮಾತು ಎಂಬುದು ನಿಜ, ಆದರೆ ಅದು ಯಾರ ಮನಸ್ಸು ಎಂದು ಹೆಸರು ಹೇಳುತ್ತದೆ. ಶೇ 15ರೊಳಗೂ ಒಂದು ಮನಸ್ಸಿದೆ, ಅದರ ಹೆಸರು ಮಾತ್ರ ಅಳಿಸಿಹೋಗಿದೆ.

ತರಗತಿಗೆ ಬರೋಣ. ಪ್ರಥಮ ಪಿಯುಸಿಯಲ್ಲಿ ಗುಣೋತ್ತರ ಶ್ರೇಢಿ ಮುಗಿದ ಮೇಲೆ ಎರಡು ಅವಧಿಗಳಲ್ಲಿ ಇದನ್ನು ಮಾಡಿಸಬಹುದು ಎಂದು ನನಗೆ ಅನ್ನಿಸುತ್ತದೆ. ಮೊದಲ ಅವಧಿಗೆ ಬೋಧನೋಪಕರಣ ಒಂದು ನಾಣ್ಯ ಮಾತ್ರ. ಪ್ರತಿಯೊಬ್ಬರೂ ತಮ್ಮ ಖಚಿತ ಸಮಾನ ಮೊತ್ತವನ್ನು ಚೀಟಿಯಲ್ಲಿ ಬರೆಯಲಿ: ಮೊದಲು 10 ರೂಪಾಯಿಯ ನಾಣ್ಯಪಂದ್ಯಕ್ಕೆ, ಆಮೇಲೆ 1 ಲಕ್ಷದ್ದಕ್ಕೆ. ಹತ್ತು ರೂಪಾಯಿಗೆ ಹೆಚ್ಚಿನವರು 5ರ ಸುತ್ತಮುತ್ತ ಬರೆದಾರು. ಲಕ್ಷಕ್ಕೆ ಬಂದಾಗ ಸಂಖ್ಯೆಗಳು ಚದುರುತ್ತವೆ, ಹಲವು 50,000ಕ್ಕಿಂತ ಬಹಳ ಕೆಳಗಿಳಿಯುತ್ತವೆ. ಮನೆಯ ಸ್ಥಿತಿಯೂ ಆ ಚೀಟಿಯಲ್ಲಿ ಇಣುಕುವುದರಿಂದ ಹೆಸರು ಬರೆಸಬಾರದು. ಕೊನೆಗೆ ಅದೇ ನಾಣ್ಯವನ್ನು ಇಂದೇ ಚಿಮ್ಮಿ, ಹಣ ಮಾತ್ರ ಎಂಟನೆಯ ವರ್ಷ ಕೊಟ್ಟರೆ ಆ ವರ್ಷದ ಖಾತರಿ ಮೊತ್ತ ಎಷ್ಟು ಎಂದು ಕೇಳಬೇಕು. ಗುಣಾಂಕ ಏಕೆ ಬದಲಾಗಬಾರದು ಎಂಬುದನ್ನು ಅವರೇ ವಾದಿಸಿಕೊಳ್ಳಲಿ.

ಎರಡನೆಯ ಅವಧಿಯಲ್ಲಿ ದರವನ್ನು ಬಿಚ್ಚುವ ಲೆಕ್ಕ. ಯಾವುದೇ ಏರಿಸಿದ ದರ ಕೊಟ್ಟು, ಅದರೊಳಗಿನ ಗುಣಾಂಕಗಳ ಶ್ರೇಢಿಯನ್ನು ಬರೆಸಿ, ಪ್ರತಿ ವರ್ಷದ ಇಳಿತಕ್ಕೂ ಹೊರಗಿನ ಲೋಕದಲ್ಲಿ ಒಂದು ಕಾರಣ ಹುಡುಕಿಸಬೇಕು. ಕಾರಣ ಸಿಕ್ಕರೆ ದರ ಸರಿ, ಸಿಗದಿದ್ದರೆ ದರ ತಪ್ಪು. ದರ ಸರಿಯೇ ಎಂದು ತಿಳಿಯಲು ಇದಕ್ಕಿಂತ ಸುಲಭದ ಪರೀಕ್ಷೆ ನನಗೆ ಗೊತ್ತಿಲ್ಲ.

ಉತ್ತರ ಪತ್ರಿಕೆ ನೋಡುವವರು ಒಂದು ತಪ್ಪನ್ನು ವಿಶೇಷವಾಗಿ ಗಮನಿಸಬೇಕು. ಗುಣಾಂಕವನ್ನೂ ಹಚ್ಚಿ, ಮೇಲೆ ಏರಿಸಿದ ದರದಲ್ಲೂ ಭಾಗಿಸುವುದು. ಬೋರ್‌ವೆಲ್‌ನ 40,000ವನ್ನು ಶೇ 15ರಲ್ಲಿ ತಂದರೆ 1.79 ಲಕ್ಷ ಬರುತ್ತದೆ. ಒಂದೇ ಭಯಕ್ಕೆ ಎರಡು ಸಲ ದಂಡ ಕಟ್ಟಿದ ಉತ್ತರವಿದು. ಗುರುತಿಸುವುದು ಸುಲಭ: ಗುಣಾಂಕವನ್ನೆಲ್ಲ 1 ಮಾಡಿ ನೋಡಿದಾಗ ಭದ್ರ ಠೇವಣಿಯ ಲೆಕ್ಕವೇ ಉಳಿಯಬೇಕು. ಉಳಿಯದಿದ್ದರೆ ದರದಲ್ಲಿ ಭಯ ಇನ್ನೂ ಅಡಗಿದೆ ಎಂದರ್ಥ.

ಖಚಿತ ಸಮಾನ ಮೊತ್ತದ ವಿಧಾನ ಕಷ್ಟ ಎಂಬ ದೂರನ್ನು ನಾನು ಒಪ್ಪುತ್ತೇನೆ, ಆದರೆ ಆ ಕಷ್ಟ ವಿಧಾನದ್ದಲ್ಲ. ಎಂಟು ವರ್ಷದ ಹಣಕ್ಕೆ ಎಂಟು ಸಲ "ಇಲ್ಲಿ ಏನು ತಪ್ಪಬಹುದು, ಯಾವಾಗ ಗೊತ್ತಾಗುತ್ತದೆ, ಯಾರಿಗೆ ಎಷ್ಟು ನೋವು" ಎಂದು ಯೋಚಿಸುವುದು ನಿಜಕ್ಕೂ ಕಷ್ಟ. ದರ ಏರಿಸುವವರೂ ಆ ಎಂಟು ಪ್ರಶ್ನೆಗಳಿಗೆ ಉತ್ತರ ಬರೆದಿರುತ್ತಾರೆ, ಪ್ರಶ್ನೆ ಓದದೆ. ವಿದ್ಯಾರ್ಥಿ ಮೊದಲು ಪ್ರಶ್ನೆಗಳನ್ನು ಓದಲಿ, ಎಂಟಕ್ಕೂ ಒಂದೇ ಉತ್ತರ ಹೊಂದುತ್ತದೆ ಎಂದು ಕಂಡರೆ ಆಗ ದರ ಏರಿಸಲಿ.